ಸಿಎನ್ ಪೇಪರ್: ಮೂರು ಪ್ಯಾಕೆಟ್ ಯಾಕೆ? 5001 ಸರಿನಾ, 5002 ಸರಿನಾ?

ಸೇಡಂ_ರೋಡ್ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಬಿಸಿಎ ಓದುತ್ತಿದ್ದೇನೆ, ಸೋಮವಾರ ಕಂಪ್ಯೂಟರ್ ನೆಟ್‌ವರ್ಕ್ಸ್ ಪೇಪರ್. ಹಳೇ ಪ್ರಶ್ನೆಪತ್ರಿಕೆಯಲ್ಲಿ ಈ ಲೆಕ್ಕ ಇದೆ:

ಕ್ಲೈಂಟ್ ಆರಿಸಿಕೊಂಡ ಮೊದಲ ಸೀಕ್ವೆನ್ಸ್ ನಂಬರ್ 5000, ಸರ್ವರಿನದು 9000. ತ್ರೀ-ವೇ ಹ್ಯಾಂಡ್‌ಶೇಕಿನ ಮೂರೂ ಸೆಗ್ಮೆಂಟ್ ಬರೆಯಿರಿ. ಆಮೇಲೆ ಕ್ಲೈಂಟ್ 100 ಬೈಟ್ ಕಳಿಸಿದರೆ ಅದರ ಸೀಕ್ವೆನ್ಸ್ ನಂಬರ್ ಎಷ್ಟು? ಈ ಕೆಲಸ ಯಾವ ಲೇಯರಿನದು?

ರೂಮಿನಲ್ಲಿ ನಾಲ್ಕು ಜನ ಇದ್ದೇವೆ, ನಾಲ್ಕು ಉತ್ತರ ಬಂದಿದೆ. ಒಬ್ಬ 5001 ಅಂತಾನೆ, ಒಬ್ಬ 5002. ನೋಟ್ಸಿನಲ್ಲಿ ಲೇಯರ್ ಜಾಗದಲ್ಲಿ ಸೆಷನ್ ಅಂತ ಬರೆಸಿದ್ದಾರೆ, ಸೀನಿಯರ್ ಟ್ರಾನ್ಸ್‌ಪೋರ್ಟ್ ಅಂತಾರೆ. ಮತ್ತೆ ನನಗೆ ಇನ್ನೊಂದು ಗೊತ್ತಾಗ್ತಿಲ್ಲ. ಸರ್ವರ್ ‘ಸರಿ’ ಅಂದ ಮೇಲೆ ಮುಗೀತಲ್ವಾ? ಮೂರನೇದು ಯಾಕೆ ಬೇಕು?

ಕೋಟೆ_ಬಾಗಿಲು

ಸೋಮವಾರ ಪೇಪರ್, ಶನಿವಾರ ರಾತ್ರಿ ಡೌಟು. ನಮ್ಮ ಊರಿನ ಪದ್ಧತಿ ಬಿಟ್ಟಿಲ್ಲ ತಮ್ಮಾ ನೀನು.

ತೊಗರಿ_ಕಣಜ (ಕಲಬುರಗಿ)

ಬಹಳ ಸಿಂಪಲ್. ಫೋನಿನಲ್ಲಿ ‘ಹಲೋ, ಕೇಳಿಸ್ತದಾ?’ ಅಂತೀವಿ. ಆ ಕಡೆಯವರು ‘ಕೇಳಿಸ್ತದ, ನಿಮಗೆ ಕೇಳಿಸ್ತದಾ?’ ಅಂತಾರೆ. ನಾವು ‘ಹೂಂ, ಹೇಳ್ರಿ’ ಅಂತೀವಿ. ಮೂರು ಮಾತು, ಮೂರು ಪ್ಯಾಕೆಟ್. ಸಿನ್, ಸಿನ್-ಆ್ಯಕ್, ಆ್ಯಕ್. ಇಷ್ಟು ಬರೆದು ಚಿತ್ರ ಹಾಕು, ಐದು ಮಾರ್ಕ್ಸ್ ನಿನ್ನ ಜೇಬಿಗೆ.

ಲೆಕ್ಕದ ಉತ್ತರ 5002. ಸಿನ್‌ಗೆ 5000, ಮೂರನೇ ಆ್ಯಕ್‌ಗೆ 5001, ಡೇಟಾಕ್ಕೆ 5002. ಪ್ರತಿ ಪ್ಯಾಕೆಟಿಗೂ ಒಂದೊಂದು ನಂಬರ್ ಮುಂದೆ ಹೋಗ್ತದೆ.

ಬಿಸಿಲೂರು

5002 ತಪ್ಪು. ನಂಬರ್ ಪ್ಯಾಕೆಟಿಗಲ್ಲ, ಬೈಟಿಗೆ.

ತೊಗರಿ_ಕಣಜ

ಹಂಗಿದ್ರೆ ಸಿನ್‌ನಲ್ಲಿ ಎಷ್ಟು ಬೈಟ್ ಇದೆ ಹೇಳಪ್ಪಾ? ಸೊನ್ನೆ. ಆದ್ರೂ 5000 ಹೋಗಿ 5001 ಆಯ್ತಲ್ಲ? ಅಲ್ಲಿಗೆ ನಿನ್ನ ಬೈಟ್ ಲೆಕ್ಕ ಮುಗೀತು.

ಬಿಸಿಲೂರು

ಅದು... ಸಿನ್‌ಗೆ ಮಾತ್ರ ವಿನಾಯಿತಿ. ಯಾಕೆ ಅಂತ ನನಗೂ ಪೂರ್ತಿ ಹೇಳೋಕೆ ಬರಲ್ಲ. ಆದ್ರೆ ಉತ್ತರ 5001 ಅಂತ ಗ್ಯಾರಂಟಿ.

ಝೆರಾಕ್ಸ್_ಕಾಕಾ (ಯಾದಗಿರಿ)

ಕನೆಕ್ಷನ್ ಬಗ್ಗೆ ಮಾತು ನಡೆದಿದೆ ಅಂತ ಬಂದೆ. ನನ್ನ ಅಂಗಡಿಯಲ್ಲೂ ಅದೇ ತ್ರಾಸು. ಮುಂದಿನ ಕೌಂಟರಿನ ಪಿಸಿಯಿಂದ ಒಳಗಿನ ಪಿಸಿಯ ಬಿಲ್ಲಿಂಗ್‌ಗೆ ಕನೆಕ್ಟ್ ಆಗ್ತಿಲ್ಲ. ತುಂಬ ಹೊತ್ತು ತಿರುಗಿ 10060 ಅಂತ ಎರರ್ ಬರ್ತದೆ. ನೆಟ್ ಪ್ಲ್ಯಾನ್ ಜಾಸ್ತಿ ಸ್ಪೀಡಿಂದು ಹಾಕಿಸಿದರೆ ಸರಿ ಹೋಗ್ತದಾ?

ಕೋಟೆ_ಬಾಗಿಲು

ಕಾಕಾ, ಇಲ್ಲಿ ಪರೀಕ್ಷೆ ನಡೆದಿದೆ 😄

ಮಾಂಜ್ರಾ_ದಂಡೆ (ಬೀದರ್)

ಕಾಕಾ ಅವರ ಪ್ರಶ್ನೆ ಹೊರಗಿನದಲ್ಲ, ಅದಕ್ಕೆ ಆಮೇಲೆ ಬರ್ತೇನೆ. ಕಾಕಾ, ದಯವಿಟ್ಟು ಪ್ಲ್ಯಾನ್ ಬದಲಿಸಬೇಡಿ.

ಮೊದಲು ಹುಡುಗನಿಗೆ. ಫೋನಿನ ಉದಾಹರಣೆ ಕೇಳೋಕೆ ಚೆಂದ. ಆದ್ರೆ ಅದರಲ್ಲಿ ಮುಖ್ಯ ವಿಷಯವೇ ಬಿಟ್ಟು ಹೋಗಿದೆ. ಹ್ಯಾಂಡ್‌ಶೇಕ್ ಇರೋದು ‘ಇದ್ದೀಯಾ’ ಅಂತ ಕೇಳೋಕೆ ಮಾತ್ರ ಅಲ್ಲ. ಎರಡೂ ಕಡೆಯವರು ತಮ್ಮ ತಮ್ಮ ಎಣಿಕೆ ಯಾವ ನಂಬರಿನಿಂದ ಶುರು ಅಂತ ಹೇಳಿ, ಅದು ತಲುಪಿದೆ ಅಂತ ಖಾತ್ರಿ ಮಾಡಿಕೊಳ್ಳೋಕೆ. ಟಿಸಿಪಿಯಲ್ಲಿ ಹೋಗುವ ದಾರಿಗೆ ಒಂದು ಎಣಿಕೆ, ಬರುವ ದಾರಿಗೆ ಇನ್ನೊಂದು. ಎರಡಕ್ಕೂ ಸಂಬಂಧ ಇಲ್ಲ.

ಬಿಡಿಸಿ ನೋಡಿದರೆ ನಾಲ್ಕು ಮಾತು ಆಗಬೇಕು. ಕ್ಲೈಂಟ್ ‘ನನ್ನದು 5000’ ಅನ್ನಬೇಕು. ಸರ್ವರ್ ‘ತಲುಪಿತು’ ಅನ್ನಬೇಕು. ಸರ್ವರ್ ‘ನನ್ನದು 9000’ ಅನ್ನಬೇಕು. ಕ್ಲೈಂಟ್ ‘ತಲುಪಿತು’ ಅನ್ನಬೇಕು. ನಡುವಿನ ಎರಡೂ ಮಾತು ಸರ್ವರಿನವೇ. ಅವನ್ನು ಒಂದೇ ಸೆಗ್ಮೆಂಟಿನಲ್ಲಿ ಸೇರಿಸಿ ಕಳಿಸ್ತಾರೆ, ಹಾಗಾಗಿ ಮೂರು. ನೀನು ಕೇಳಿದ ಹಾಗೆ ಎರಡಕ್ಕೇ ನಿಲ್ಲಿಸಿದರೆ 9000 ಕ್ಲೈಂಟಿಗೆ ತಲುಪಿತೋ ಇಲ್ಲವೋ ಅಂತ ಸರ್ವರಿಗೆ ಗೊತ್ತೇ ಆಗಲ್ಲ.

ಸಿನ್ ಒಂದು ನಂಬರ್ ತಿನ್ನುತ್ತದೆ, ಅದು ನಿಜ. ಅದು ಸುಮ್ನೆ ಕೊಟ್ಟ ವಿನಾಯಿತಿ ಅಲ್ಲ. ಸಿನ್ ದಾರಿಯಲ್ಲಿ ಕಳೆದರೆ ಮತ್ತೆ ಕಳಿಸಬೇಕು. ಮತ್ತೆ ಕಳಿಸಬೇಕಾದ್ದು ಯಾವುದೇ ಇರಲಿ, ಅದು ತಲುಪಿದೆ ಅಂತ ಗುರುತಿಸೋಕೆ ಒಂದು ನಂಬರ್ ಬೇಕು. ಕೊನೆಯಲ್ಲಿ ಬರುವ ಫಿನ್‌ಗೂ ಅದಕ್ಕೇ ಒಂದು ನಂಬರ್ ಇದೆ. ಬರೀ ಆ್ಯಕ್‌ಗೆ ಮಾತ್ರ ಇಲ್ಲ. ಆ್ಯಕ್‌ಗೂ ನಂಬರ್ ಕೊಟ್ಟರೆ ಆ ಆ್ಯಕ್ ತಲುಪಿದ್ದಕ್ಕೆ ಇನ್ನೊಂದು ಆ್ಯಕ್ ಬೇಕು, ಅದಕ್ಕೆ ಮತ್ತೊಂದು. ಮುಗಿಯೋದೇ ಇಲ್ಲ.

ಹಾಗಾಗಿ ಉತ್ತರ ಹೀಗೆ. ಮೊದಲನೇದು ಸಿನ್, ಸೀಕ್ವೆನ್ಸ್ 5000. ಎರಡನೇದು ಸಿನ್-ಆ್ಯಕ್, ಸೀಕ್ವೆನ್ಸ್ 9000, ಆ್ಯಕ್ 5001. ಮೂರನೇದು ಆ್ಯಕ್, ಸೀಕ್ವೆನ್ಸ್ 5001, ಆ್ಯಕ್ 9001. ಆಮೇಲೆ ಬರುವ 100 ಬೈಟಿನ ಸೀಕ್ವೆನ್ಸ್ ಕೂಡ 5001. ಅದು ತಲುಪಿದ ಮೇಲೆ ಸರ್ವರ್ ಕಳಿಸುವ ಆ್ಯಕ್ 5101. ಆ್ಯಕ್ ನಂಬರ್ ಅಂದ್ರೆ ‘ಇಲ್ಲಿವರೆಗೆ ಬಂತು’ ಅಂತಲ್ಲ, ‘ಮುಂದೆ ನನಗೆ ಬೇಕಾದ್ದು ಇದು’ ಅಂತ. ಮೌಲ್ಯಮಾಪನದಲ್ಲಿ ನಾನು ನೋಡಿದ ಹೆಚ್ಚಿನ ತಪ್ಪು ಇಲ್ಲೇ. 5100 ಅಂತ ಬರೆದು ಒಂದು ಮಾರ್ಕ್ ಕಳ್ಕೊಳ್ತಾರೆ.

ತೊಗರಿ_ಕಣಜ

ಮೂರನೇದಕ್ಕೂ 5001, ಡೇಟಾಕ್ಕೂ 5001? ಒಂದೇ ನಂಬರ್ ಎರಡು ಸಲನಾ? ನಂಬೋಕೆ ಕಷ್ಟ ಅಕ್ಕಾ. ಬಾಯಿಮಾತು ಬೇಡ, ಮಷಿನಿನಲ್ಲಿ ತೋರಿಸಿ.

ಬೆಣ್ಣೆತೊರೆ

ನಾನು ತೋರಿಸ್ತೇನೆ. ಲ್ಯಾಪ್‌ಟಾಪಿನಲ್ಲಿ ಉಬುಂಟು ಇದೆ. ಮೂರು ಟರ್ಮಿನಲ್ ತೆಗೆದು ಒಂದೊಂದರಲ್ಲಿ ಒಂದೊಂದು ಸಾಲು ಓಡಿಸಿದೆ:

```
python3 -m http.server 8000
sudo tcpdump -n -S -i lo tcp port 8000
curl http://127.0.0.1:8000/
```

ಬಂದದ್ದು ಇದು. ಸಾಲು ಉದ್ದ ಆಗ್ತದೆ ಅಂತ ಸಮಯ, ಆಪ್ಷನ್ನುಗಳನ್ನೆಲ್ಲ ಕತ್ತರಿಸಿದ್ದೇನೆ:

```
.41022 > .8000  [S]   seq 2871004512, length 0
.8000 > .41022  [S.]  seq 914530277, ack 2871004513, length 0
.41022 > .8000  [.]   ack 914530278, length 0
.41022 > .8000  [P.]  seq 2871004513:2871004591, ack 914530278, length 78
```

ನಾಲ್ಕನೇ ಸಾಲು ನೋಡಿ. ಡೇಟಾ ಶುರುವಾಗಿದ್ದು 2871004513ರಿಂದ. ಸಿನ್‌ಗಿಂತ ಒಂದೇ ಜಾಸ್ತಿ. ನಡುವೆ ಹೋದ ಆ್ಯಕ್ ಏನೂ ತಿಂದಿಲ್ಲ. -S ಹಾಕೋದು ಮರೀಬೇಡಿ. ಅದಿಲ್ಲದಿದ್ದರೆ ಆಮೇಲಿನ ಸಾಲುಗಳಲ್ಲಿ 1 ಅಂತ ಸಣ್ಣ ನಂಬರ್ ಬರ್ತದೆ, ಲೆಕ್ಕ ಕೂಡಿಸಿ ನೋಡೋಕೆ ಆಗಲ್ಲ.

ತೊಗರಿ_ಕಣಜ

ಮೂರನೇ ಸಾಲಿನಲ್ಲಿ seq ಇಲ್ಲವೇ ಇಲ್ಲ! ಅಂದ್ರೆ ಮೂರನೇದಕ್ಕೆ ಸೀಕ್ವೆನ್ಸ್ ನಂಬರೇ ಇರಲ್ಲ, ಅಕ್ಕ ಹೇಳಿದ 5001 ಕೂಡ ತಪ್ಪು. ಸಿಕ್ಕಿಬಿದ್ದಿರಿ 😀

ಬೆಣ್ಣೆತೊರೆ

ಇಲ್ಲ ಅಣ್ಣಾ. ಡೇಟಾ ಇಲ್ಲದ ಬರೀ ಆ್ಯಕ್ ಆದ್ರೆ tcpdump ಅದನ್ನು ಪ್ರಿಂಟ್ ಮಾಡಲ್ಲ, ಅಷ್ಟೇ. ಟಿಸಿಪಿ ಹೆಡರಿನಲ್ಲಿ ಆ 32 ಬಿಟ್ಟಿನ ಜಾಗ ಯಾವಾಗಲೂ ಇರ್ತದೆ. ವೈರ್‌ಶಾರ್ಕಿನಲ್ಲಿ ಅದೇ ಪ್ಯಾಕೆಟ್ ತೆಗೆದರೆ Seq=1 Ack=1 ಅಂತ ಕಾಣ್ತದೆ. ಅಲ್ಲಿ ಶುರುವಿನ ನಂಬರನ್ನು ಸೊನ್ನೆ ಅಂತ ಹಿಡಿದು ತೋರಿಸ್ತಾರೆ.

ತೊಗರಿ_ಕಣಜ

ಸರಿ, 5001 ಒಪ್ಪಿದೆ. ಫೋನ್ ಉದಾಹರಣೆ ಮಾತ್ರ ಬಿಡಲ್ಲ.

ಸೇಡಂ_ರೋಡ್

ನಂಬರ್ ಪೂರ್ತಿ ಗೊತ್ತಾಯ್ತು, ಥ್ಯಾಂಕ್ಸ್ ಅಕ್ಕಾ. ಆದ್ರೆ 2871004512 ಅಂತ ಯಾಕೆ ಶುರು ಮಾಡಬೇಕು? ಎಲ್ಲರೂ ಸೊನ್ನೆಯಿಂದ ಶುರು ಮಾಡಿದರೆ ಹೇಳಿಕೊಳ್ಳುವ ಅಗತ್ಯವೇ ಇರಲ್ಲ. ಆಗ ಎರಡೇ ಸಾಕಲ್ವಾ?

ಮಾಂಜ್ರಾ_ದಂಡೆ

ಈ ಪ್ರಶ್ನೆ ಕೇಳಿದ್ದಕ್ಕೆ ಖುಷಿ ಆಯ್ತು. ಇಲ್ಲೇ ನಿಜವಾದ ಕಥೆ ಇರೋದು. ನೆಟ್‌ವರ್ಕಿನಲ್ಲಿ ಪ್ಯಾಕೆಟ್ ಕಳೆಯೋದು ಮಾತ್ರ ಅಲ್ಲ, ಎಲ್ಲೋ ತಡವಾಗಿ ಉಳಿದು ಆಮೇಲೆ ಬರಲೂಬಹುದು. ಎಲ್ಲರೂ ಸೊನ್ನೆಯಿಂದ ಶುರು ಮಾಡಿದರೆ ಹಳೇ ಕನೆಕ್ಷನ್ನಿನ ಪ್ಯಾಕೆಟ್ಟಿಗೂ ಹೊಸದಕ್ಕೂ ವ್ಯತ್ಯಾಸ ತಿಳಿಯಲ್ಲ.

ಒಂದು ಕೇಸ್ ಬಿಡಿಸ್ತೇನೆ. ಕ್ಲೈಂಟ್ 700 ಅಂತ ಒಂದು ಸಿನ್ ಕಳಿಸಿತು. ಅದು ದಾರಿಯಲ್ಲಿ ಸಿಕ್ಕಿಹಾಕಿಕೊಂಡಿತು. ಅಷ್ಟರಲ್ಲಿ ಕ್ಲೈಂಟ್ ಮಷಿನ್ ಬಂದ್ ಆಗಿ ಮತ್ತೆ ಶುರುವಾಯಿತು, ಹೊಸದಾಗಿ 2500 ಅಂತ ಸಿನ್ ಕಳಿಸಿತು. ಈಗ ಹಳೇ 700 ಮೊದಲು ಸರ್ವರ್ ಮುಟ್ಟಿತು ಅಂತ ಇಟ್ಟುಕೋ.

ಸರ್ವರಿಗೆ ಅದು ಹಳೇದು ಅಂತ ತಿಳಿಯೋಕೆ ದಾರಿಯೇ ಇಲ್ಲ. ಅದು 9000, ಆ್ಯಕ್ 701 ಅಂತ ಉತ್ತರ ಕೊಡ್ತದೆ. ಎರಡೇ ಸಾಕು ಅನ್ನುವ ಪದ್ಧತಿ ಇದ್ದಿದ್ದರೆ ಸರ್ವರ್ ಆಗಲೇ ಕನೆಕ್ಷನ್ ಆಯ್ತು ಅಂತ ನಂಬಿ, ಮೆಮೊರಿ ತೆಗೆದಿಟ್ಟು, 701ನೇ ಬೈಟಿಗೆ ಕಾಯುತ್ತಾ ಕೂರುತ್ತಿತ್ತು. ಇತ್ತ ಕ್ಲೈಂಟ್ ಎಣಿಸೋದು 2501ರಿಂದ. ಇಬ್ಬರ ಲೆಕ್ಕವೂ ಬೇರೆ.

ಮೂರನೇ ಹೆಜ್ಜೆ ಇರೋದರಿಂದ ಹೀಗಾಗಲ್ಲ. ಕ್ಲೈಂಟ್ ಕಾಯುತ್ತಿರೋದು 2501ಕ್ಕೆ, ಬಂದದ್ದು 701. ‘ಇದು ನಾನು ಕೇಳಿದ್ದಲ್ಲ’ ಅಂತ 701 ನಂಬರ್ ಹಾಕಿ ಒಂದು ರೀಸೆಟ್ ಕಳಿಸ್ತದೆ. ಸರ್ವರ್ ಆ ಅರ್ಧ ಕನೆಕ್ಷನ್ ಒರೆಸಿ ಮತ್ತೆ LISTENಗೆ ಹೋಗ್ತದೆ. ಹಿಂದೆ ಬರುವ 2500 ಸರಿಯಾಗಿ ಕೂರ್ತದೆ. ಅಂದ್ರೆ ಹಳೇದು ಹೊಸದು ಅಂತ ತೀರ್ಮಾನ ಮಾಡಬಲ್ಲದ್ದು ಕ್ಲೈಂಟ್ ಒಂದೇ. ಆ ತೀರ್ಮಾನ ಸರ್ವರಿಗೆ ಮುಟ್ಟೋದು ಮೂರನೇ ಪ್ಯಾಕೆಟ್ಟಿನಲ್ಲಿ.

ಈ ಮೂರು ಹೆಜ್ಜೆಯ ಉಪಾಯವನ್ನು 1975ರಲ್ಲಿ ಬರೆದು ಮುಂದಿಟ್ಟವರು ರೇ ಟಾಮ್ಲಿನ್‌ಸನ್. ಇಮೇಲ್ ವಿಳಾಸದಲ್ಲಿ @ ತಂದವರೂ ಅವರೇ. 1981ರ ಟಿಸಿಪಿ ಸ್ಟ್ಯಾಂಡರ್ಡ್‌ನಲ್ಲಿ ಶುರುವಿನ ನಂಬರನ್ನು ಗಡಿಯಾರದಿಂದ ತೆಗೆಯೋಕೆ ಹೇಳಿದ್ದರು, 4 ಮೈಕ್ರೋಸೆಕೆಂಡಿಗೆ ಒಂದು ಏರುವ ಹಾಗೆ. 32 ಬಿಟ್ ಪೂರ್ತಿ ಸುತ್ತಿ ಬರೋಕೆ ನಾಲ್ಕೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ ಬೇಕು. ಅಷ್ಟರಲ್ಲಿ ಹಳೇ ಪ್ಯಾಕೆಟ್ ಸತ್ತಿರ್ತದೆ ಅನ್ನೋದು ಲೆಕ್ಕ. ಈಗ ಅದರ ಜೊತೆ ಊಹಿಸೋಕೆ ಆಗದ ಹಾಗೆ ಗುಟ್ಟಿನ ಒಂದು ಅಂಶವನ್ನೂ ಸೇರಿಸ್ತಾರೆ. ಇಲ್ಲದಿದ್ದರೆ ಮೂರನೆಯವನು ನಂಬರ್ ಊಹಿಸಿ ನಡುವೆ ನುಗ್ಗಬಹುದು.

ಬಿಸಿಲೂರು

ಒಂದು ತಕರಾರು. ಹಳೇ ಸಿನ್‌ನ ಪೋರ್ಟ್ ಬೇರೆ ಇದ್ದರೆ ಈ ಗಲಾಟೆಯೇ ಇಲ್ಲ. ಕ್ಲೈಂಟ್ ಪ್ರತಿ ಸಲ ಬೇರೆ ಪೋರ್ಟ್ ತಗೊಳ್ತದೆ. ಮೇಲೆ 41022 ಇದೆ, ಮುಂದಿನ ಸಲ ಇನ್ನೊಂದು ಬರ್ತದೆ. ಅದೇ ಜೋಡಿ ಮತ್ತೆ ಬೀಳೋದು ಅಪರೂಪ ಅಲ್ವಾ?

ಮಾಂಜ್ರಾ_ದಂಡೆ

ಅಪರೂಪವೇ, ಒಪ್ತೇನೆ. ಆದ್ರೆ ಪೋರ್ಟ್ ಬೇರೆ ಇದ್ದರೂ ಎರಡು-ಹೆಜ್ಜೆ ಪದ್ಧತಿಯಲ್ಲಿ ಸರ್ವರ್ ಹಳೇ ಸಿನ್‌ಗೆ ಬಾಗಿಲು ತೆಗೆದು ಕೂತಿರ್ತದೆ. ಮೂರು ಹೆಜ್ಜೆ ಇದ್ದರೆ ಕ್ಲೈಂಟ್ ‘ಈ ಪೋರ್ಟಿನಲ್ಲಿ ನನ್ನ ಕಡೆ ಯಾರೂ ಇಲ್ಲ’ ಅಂತ ರೀಸೆಟ್ ಕಳಿಸ್ತದೆ. ಉತ್ತರಪತ್ರಿಕೆಗೆ 700-2500 ಚಿತ್ರ ಸಾಕು.

ಸೇಡಂ_ರೋಡ್

ಹಂಗಾದ್ರೆ ಆ ಮೂರನೇದೇ ಕಳೆದುಹೋದರೆ? ಕ್ಲೈಂಟ್ ಆಯ್ತು ಅಂತ ತಿಳಿದಿದೆ, ಸರ್ವರ್ ಆಗಿಲ್ಲ ಅಂತಿದೆ.

ಬೆಣ್ಣೆತೊರೆ

ವೈವಾದಲ್ಲಿ ನನಗೂ ಇದನ್ನೇ ಕೇಳಿದ್ದರು. ಕ್ಲೈಂಟ್ ಹೆಚ್ಚಾಗಿ ತಕ್ಷಣ ಡೇಟಾ ಕಳಿಸ್ತದೆ. ಮೇಲಿನ ನಾಲ್ಕನೇ ಸಾಲು ಮತ್ತೆ ನೋಡು, ಅದರಲ್ಲೂ ack 914530278 ಇದೆ. ಮೂರನೇದು ಕಳೆದರೂ ಆ ನಾಲ್ಕನೇದೇ ಅದರ ಕೆಲಸ ಮಾಡ್ತದೆ. ಸರ್ವರ್ ಅದನ್ನು ನೋಡಿ ESTABLISHED ಆಗ್ತದೆ.

ಮಾಂಜ್ರಾ_ದಂಡೆ

ಸರಿ. ಆದ್ರೆ ಮೇಲ್ ಸರ್ವರಿನ ಹಾಗೆ ಸರ್ವರೇ ಮೊದಲು ಮಾತಾಡಬೇಕಾದ ಕಡೆ ಕ್ಲೈಂಟ್ ಸುಮ್ನೆ ಕಾಯ್ತಿರ್ತದೆ, ಡೇಟಾ ಕಳಿಸಲ್ಲ. ಅಲ್ಲಿ ಸರ್ವರ್ ಉತ್ತರ ಬರಲಿಲ್ಲ ಅಂತ ಸಿನ್-ಆ್ಯಕ್ ಮತ್ತೆ ಕಳಿಸ್ತದೆ. ಕ್ಲೈಂಟ್ ಅದನ್ನು ನೋಡಿ ಆ್ಯಕ್ ಮತ್ತೆ ಕೊಡ್ತದೆ. ಲಿನಕ್ಸ್‌ನಲ್ಲಿ ಡೀಫಾಲ್ಟ್ ಐದು ಸಲ ಮತ್ತೆ ಕಳಿಸಿ ನೋಡ್ತದೆ, ಪ್ರತಿ ಸಲ ಕಾಯುವ ಹೊತ್ತು ದುಪ್ಪಟ್ಟು. ಆಮೇಲೆ ಕೈಬಿಡ್ತದೆ.

ಸೇಡಂ_ರೋಡ್

ಲೇಯರ್ ಯಾವುದು ಅಂತ ಯಾರೂ ಹೇಳಲಿಲ್ಲ.

ತೊಗರಿ_ಕಣಜ

ಸೆಷನ್. ಓಎಸ್‌ಐನಲ್ಲಿ ಸೆಷನ್ ಲೇಯರಿನ ಕೆಲಸವೇ ಸಂಪರ್ಕ ಶುರು ಮಾಡೋದು, ನಡೆಸೋದು, ಮುಗಿಸೋದು. ಯಾವ ನೋಟ್ಸ್ ಬೇಕಾದ್ರೂ ತೆಗೆದು ನೋಡಿ.

ಬೆಣ್ಣೆತೊರೆ

ಆ ಸಾಲು ನೋಟ್ಸಿನಲ್ಲಿ ಇದೆ, ಅದರಿಂದಲೇ ಎಲ್ಲರೂ ದಾರಿ ತಪ್ಪೋದು. ವಾದ ಬಿಟ್ಟು ಬೈಟ್ ಎಣಿಸೋಣ. ವೈರ್‌ಶಾರ್ಕಿನಲ್ಲಿ ನನ್ನ ಸಿನ್ 74 ಬೈಟ್ ಇದೆ. ಕೆಳಗಿನ ಪೇನಿನಲ್ಲಿ ಒಂದೊಂದೇ ಸಾಲು ಒತ್ತಿದರೆ ಆಯಾ ಬೈಟುಗಳಿಗೆ ಬಣ್ಣ ಬರ್ತದೆ. ಎತರ್ನೆಟ್ 14, ಐಪಿ 20, ಟಿಸಿಪಿ 40. ಕೂಡಿಸಿದರೆ 74. ಟಿಸಿಪಿ ಮುಗಿದ ಮೇಲೆ ಒಂದು ಬೈಟೂ ಉಳಿಯಲ್ಲ. ಸಿನ್ ಅನ್ನುವ ಆ ಒಂದು ಬಿಟ್ ಇರೋದು ಟಿಸಿಪಿಯ 40ರ ಒಳಗೆ. ಸೆಷನ್ ಲೇಯರ್ ಈ ಪ್ಯಾಕೆಟ್ಟಿನಲ್ಲಿ ಎಲ್ಲಿದೆ ತೋರಿಸಿ ಅಣ್ಣಾ?

ಕೋಟೆ_ಬಾಗಿಲು

ನನ್ನದು 66 ಬರ್ತದೆ. ನಿನ್ನ 74 ಎಲ್ಲಿಂದ ಬಂತು?

ಬೆಣ್ಣೆತೊರೆ

ವಿಂಡೋಸ್ ಇರಬೇಕು ನಿಮ್ಮದು. ಅಲ್ಲಿ ಸಿನ್ ಜೊತೆ ಟೈಮ್‌ಸ್ಟ್ಯಾಂಪ್ ಆಪ್ಷನ್ ಸಾಮಾನ್ಯವಾಗಿ ಹೋಗಲ್ಲ. ಹಾಗಾಗಿ ಟಿಸಿಪಿ ಹೆಡರ್ 32ಕ್ಕೆ ಮುಗಿಯುತ್ತದೆ. 14, 20, 32.

ಕೋಟೆ_ಬಾಗಿಲು

ವಿಂಡೋಸೇ. ತಮ್ಮಾ, ಕಲಬುರಗಿಯಲ್ಲಿ ಕೂತು ನನ್ನ ಲ್ಯಾಪ್‌ಟಾಪ್ ಒಳಗೆ ನೋಡಿದೆಯಲ್ಲಾ!

ಮಾಂಜ್ರಾ_ದಂಡೆ

ಬೈಟ್ ಎಣಿಸಿದ್ದು ಒಳ್ಳೇದಾಯ್ತು. ಓಎಸ್‌ಐ ಕಡೆಯಿಂದ ನೋಡಿದರೂ ಟ್ರಾನ್ಸ್‌ಪೋರ್ಟೇ ಸರಿ. ಓಎಸ್‌ಐಗೆ ಅದರದ್ದೇ ಟ್ರಾನ್ಸ್‌ಪೋರ್ಟ್ ಪ್ರೋಟೊಕಾಲ್ ಇತ್ತು, ಟಿಪಿ4 ಅಂತ. ಅದರಲ್ಲೂ ಕನೆಕ್ಷನ್ ಶುರುವಾಗೋದು ಮೂರು ಸಂದೇಶದಿಂದಲೇ. ಸೆಷನ್ ಲೇಯರ್ ಹೇಳೋದು ಅದರ ಮೇಲಿನ ಸಂಭಾಷಣೆಯ ಬಗ್ಗೆ: ಯಾರ ಸರದಿ, ನಡುವೆ ನಿಂತರೆ ಎಲ್ಲಿಂದ ಮುಂದುವರಿಸೋದು, ಇಂಥದ್ದು.

ಇನ್ನೊಂದು ಮಾತು ಬರೆದರೆ ಚೆನ್ನಾಗಿರ್ತದೆ. ನಡುವಿನ ರೌಟರಿಗೆ ಈ ಹ್ಯಾಂಡ್‌ಶೇಕ್ ಗೊತ್ತಿರಬೇಕಾಗಿಲ್ಲ. ಅದು ಐಪಿ ಹೆಡರ್ ನೋಡಿ ಮುಂದೆ ದಾಟಿಸ್ತದೆ. ಕನೆಕ್ಷನ್ ಅನ್ನೋದು ಎರಡು ತುದಿಯ ಮಷಿನುಗಳ ಮೆಮೊರಿಯಲ್ಲಿ ಮಾತ್ರ ಇರೋದು.

ಬಿಸಿಲೂರು

ಪೂರ್ತಿ ಹಾಗಲ್ಲ ಮೇಡಂ. ಮನೆಯ ರೌಟರ್ ನ್ಯಾಟ್ ಮಾಡ್ತದೆ, ಪೋರ್ಟ್ ಬದಲಿಸ್ತದೆ. ಫೈರ್‌ವಾಲ್ ಸಿನ್ ನೋಡಿ ತಡೀತದೆ. ಅವೆಲ್ಲ ಟಿಸಿಪಿ ಹೆಡರಿಗೆ ಕೈ ಹಾಕ್ತವೆ. ಲೇಯರ್ ಅನ್ನೋದು ಪುಸ್ತಕದಲ್ಲಿ ಮಾತ್ರ.

ಮಾಂಜ್ರಾ_ದಂಡೆ

ನ್ಯಾಟ್ ವಿಷಯ ನಿಜ. ‘ಪುಸ್ತಕದಲ್ಲಿ ಮಾತ್ರ’ ಅನ್ನೋದನ್ನು ಒಪ್ಪಲ್ಲ. ಲೇಯರ್ ಗೊತ್ತಿದ್ದರಿಂದಲೇ ಅದು ಎಲ್ಲಿ ಗೆರೆ ದಾಟಿತು ಅಂತ ನಿಮಗೆ ಹೇಳೋಕೆ ಆಗಿದ್ದು.

ಕಾಕಾ, ಇದ್ದೀರಾ? 10060 ಅಂದ್ರೆ ಟೈಮ್‌ಔಟ್. ನಿಮ್ಮ ಕೌಂಟರ್ ಪಿಸಿ ಸಿನ್ ಕಳಿಸ್ತಿದೆ, ಉತ್ತರ ಬರ್ತಿಲ್ಲ. ಅದು ತಿರುಗುತ್ತಿರುವಾಗಲೇ ಕಪ್ಪು ಕಿಟಕಿ ತೆಗೆದು `netstat -an` ಹೊಡೆಯಿರಿ. ಆ ಸಾಲಿನಲ್ಲಿ SYN_SENT ಅಂತ ಇರಬೇಕು. ಆಮೇಲೆ ಒಳಗಿನ ಪಿಸಿಯಲ್ಲೂ ಅದನ್ನೇ ಹೊಡೆದು ಬಿಲ್ಲಿಂಗ್ ಪೋರ್ಟ್ ಮುಂದೆ ಏನಿದೆ ಹೇಳಿ. ಇದೆಲ್ಲ ಯಾವಾಗಿಂದ?

ಝೆರಾಕ್ಸ್_ಕಾಕಾ

ಹೊಸ ರೌಟರ್ ಹಾಕಿದಾಗಿಂದ ಮೇಡಂ. ಕೌಂಟರಿನಲ್ಲಿ SYN_SENT ಇದೆ, ಖರೇ. ಒಳಗಿನದರಲ್ಲಿ 0.0.0.0:9000 LISTENING ಅಂತ ಇದೆ.

ತೊಗರಿ_ಕಣಜ

LISTENING ಇದ್ದ ಮೇಲೆ ಸರ್ವರ್ ಸರಿ ಇದೆ. ಬಿಲ್ಲಿಂಗ್ ಪ್ರೋಗ್ರಾಂ ನಿಂತಿದ್ದರೆ ರೀಸೆಟ್ ಬಂದು ‘ರೆಫ್ಯೂಸ್ಡ್’ ಅಂತ 10061 ಬರ್ತಿತ್ತು. ಟೈಮ್‌ಔಟ್ ಅಂದ್ರೆ ಕೇಬಲ್ಲೇ ಹೋಗಿದೆ. ಹೊಸ ಕೇಬಲ್ ತನ್ನಿ.

ಮಾಂಜ್ರಾ_ದಂಡೆ

ಮೊದಲಿನ ಅರ್ಧ ಸರಿ, ಆದ್ರೆ ವಿಂಡೋಸ್‌ನಲ್ಲಿ ಅದನ್ನೂ ಪೂರ್ತಿ ನಂಬೋಕಾಗಲ್ಲ. ಫೈರ್‌ವಾಲ್ ಆನ್ ಇದ್ದರೆ ಯಾರೂ ಕೇಳದ ಪೋರ್ಟಿನಿಂದ ಹೋಗಬೇಕಾದ ರೀಸೆಟ್ಟನ್ನೂ ಅದು ತಡೀತದೆ. ಆಗ ಪ್ರೋಗ್ರಾಂ ನಿಂತಿದ್ದರೂ ಟೈಮ್‌ಔಟೇ ಬರೋದು. ಅದಕ್ಕೇ ಒಳಗಿನ ಪಿಸಿಯಲ್ಲಿ LISTENING ನೋಡೋಕೆ ಹೇಳಿದ್ದು.

ಕೇಬಲ್ ತರೋದಕ್ಕೆ ಮುಂಚೆ ಎರಡು ನೋಡಿ ಕಾಕಾ. ಹೊಸ ರೌಟರ್ ಒಳಗಿನ ಪಿಸಿಗೆ ಬೇರೆ ಐಪಿ ಕೊಟ್ಟಿರಬಹುದು, ಕೌಂಟರಿನಲ್ಲಿ ಹಳೇದೇ ಬರೆದಿರಬಹುದು. ಐಪಿ ಸರಿ ಇದ್ದರೆ, ಒಳಗಿನ ಪಿಸಿಯ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಪಬ್ಲಿಕ್ ಅಂತ ಇದೆಯಾ, ಪ್ರೈವೇಟ್ ಅಂತ ಇದೆಯಾ? ರೌಟರ್ ಬದಲಾದರೆ ವಿಂಡೋಸ್ ಅದನ್ನು ಹೊಸ ನೆಟ್‌ವರ್ಕ್ ಅಂತ ತಿಳಿದು ಪಬ್ಲಿಕ್‌ಗೆ ಹಾಕಿಬಿಡ್ತದೆ. ಬಿಲ್ಲಿಂಗ್‌ಗೆ ಕೊಟ್ಟ ಅನುಮತಿ ಪ್ರೈವೇಟ್‌ಗೆ ಮಾತ್ರ ಇದ್ದರೆ ಹೊರಗಿಂದ ಬಂದ ಸಿನ್ ಬಾಗಿಲಲ್ಲೇ ಬಿದ್ದುಹೋಗ್ತದೆ. ಫೈರ್‌ವಾಲ್ ಪೂರ್ತಿ ಆಫ್ ಮಾಡಬೇಡಿ.

ಝೆರಾಕ್ಸ್_ಕಾಕಾ

ಐಪಿ ಅದೇ ಇದೆ. ಪಬ್ಲಿಕ್ ಅಂತ ಇತ್ತು. ಪ್ರೈವೇಟ್ ಮಾಡಿದೆ, ಬಿಲ್ ಬಂತು! ಸ್ಪೀಡ್ ಪ್ಲ್ಯಾನಿಗೆ ಫೋನ್ ಮಾಡೋಕೆ ಹೊರಟಿದ್ದೆ. ಯಾದಗಿರಿ ಕಡೆ ಬಂದರೆ ಚಹಾ, ಮಿರ್ಚಿ ಭಜಿ ನನ್ನ ಕಡೆಯಿಂದ.

ಕೋಟೆ_ಬಾಗಿಲು

ಪರೀಕ್ಷೆ ಬರೆಯದೇ ಪಾಸ್ ಆದವರು ಕಾಕಾ ಒಬ್ಬರೇ.

ಸೇಡಂ_ರೋಡ್

ಕೊನೆಯದೊಂದು. ಟಿಸಿಪಿ/ಐಪಿ ಮಾಡೆಲ್ ಚಿತ್ರ ಬರೆಯುವಾಗ ನಾಲ್ಕು ಲೇಯರ್ ಹಾಕಲಾ, ಐದಾ?

ಮಾಂಜ್ರಾ_ದಂಡೆ

ನಾಲ್ಕು. 1989ರ ಇಂಟರ್ನೆಟ್ ಹೋಸ್ಟ್ ದಾಖಲೆ, ಆರ್‌ಎಫ್‌ಸಿ 1122, ಹೇಳೋದು ನಾಲ್ಕೇ: ಲಿಂಕ್, ಇಂಟರ್ನೆಟ್, ಟ್ರಾನ್ಸ್‌ಪೋರ್ಟ್, ಅಪ್ಲಿಕೇಷನ್.

ಬಿಸಿಲೂರು

ನಮ್ಮ ಮಾಸ್ತರು ಫಿಸಿಕಲ್ ಬೇರೆ ತೆಗೆದು ಐದೇ ಬರೆಸಿದ್ದು, ಪೂರ್ತಿ ಮಾರ್ಕ್ಸೂ ಬಂತು. ಕೇಬಲ್ಲಿಗೆ ಒಂದು ಜಾಗ ಬೇಡವಾ?

ತೊಗರಿ_ಕಣಜ

ಐದು.

ಬೆಣ್ಣೆತೊರೆ

ನಾಲ್ಕು. ನಿಮ್ಮ ಸಿಲೆಬಸ್ಸಿನಲ್ಲಿ ಯಾವುದಿದೆ ಅಂತ ಮೊದಲು ನೋಡು ತಮ್ಮಾ, ಮೌಲ್ಯಮಾಪನ ಮಾಡೋರು ಅದನ್ನೇ ಹಿಡ್ಕೊಂಡು ಕೂತಿರ್ತಾರೆ.

ಸೇಡಂ_ರೋಡ್

ಸಿಲೆಬಸ್ಸಿನಲ್ಲಿ ‘ಟಿಸಿಪಿ/ಐಪಿ ಮಾಡೆಲ್’ ಅಂತ ಅಷ್ಟೇ ಇದೆ 😐